ಉದ್ದದ ಟ್ರಾನ್ಸ್‌ಕ್ರಿಪ್ಟ್, ಕೊನೆಗೆ ‘ನೋಟ್ಸ್’ ಅಂತ ಒಂದೇ ಪದ: ಎಲ್ಲಿ ಕೆಡುತ್ತದೆ, ಹೇಗೆ ಸರಿಮಾಡುವುದು

ಮೆಸೇಜ್ ತೆರೆದರೆ ಸರಿಸಿದಷ್ಟೂ ಮುಗಿಯದ ಬರಹ. ಒಂದು ತರಗತಿಯ ರೆಕಾರ್ಡಿಂಗನ್ನು ಸಾಫ್ಟ್‌ವೇರ್ ಕೇಳಿಸಿಕೊಂಡು ಟೈಪ್ ಮಾಡಿದ್ದು. ಪ್ಯಾರಾ ಇಲ್ಲ, ಪೂರ್ಣವಿರಾಮ ಇಲ್ಲ, ಯಾರು ಮಾತಾಡುತ್ತಿದ್ದಾರೆ ಅನ್ನುವ ಗುರುತೂ ಇಲ್ಲ. ಎಲ್ಲಕ್ಕಿಂತ ಕೆಳಗೆ ಒಂದೇ ಪದ: ‘ನೋಟ್ಸ್’. ಪಾಠ ಹೇಳಿಕೊಡುವವರಿಗೆ, ಮನೆಯಲ್ಲಿ ಓದುವ ಮಕ್ಕಳಿರುವವರಿಗೆ, ಗೆಳೆಯರ ಗುಂಪಿನಲ್ಲಿ ‘ನೀಟಾಗಿ ಬರೆಯುವವರು’ ಅಂತ ಹೆಸರು ಮಾಡಿದವರಿಗೆ ಇದು ಹೊಸದಲ್ಲ.

ಇದನ್ನು ಪರೀಕ್ಷೆಗೆ ಓದುವ ನೋಟ್ಸ್ ಮಾಡಲು ಹೊರಟಾಗ ಏನೇನು ಕೆಡುತ್ತದೆ ಅನ್ನುವುದನ್ನು ಕಣ್ಣಿಗೆ ಕಾಣುವ ಲಕ್ಷಣಗಳಿಂದಲೇ ಹಿಡಿದು ಬರೆದಿದ್ದೇನೆ. ಸುಲಭದ ಪರಿಶೀಲನೆ ಮೊದಲು, ಸಮಯ ತಿನ್ನುವುದು ಆಮೇಲೆ. ಉದಾಹರಣೆ ಉದ್ದಕ್ಕೂ ಒಂದೇ: ವಿದ್ಯಾರ್ಥಿನಿಯೊಬ್ಬಳು ನನಗೆ ಕಳಿಸಿದ, ನರದ ಸಂಕೇತದ ಬಗ್ಗೆ 50 ನಿಮಿಷದ ಪಾಠ. ವಿಷಯ ಗೊತ್ತಿಲ್ಲದವರಿಗೆ ಎರಡು ಸಾಲು ಸಾಕು. ನರಕೋಶ ಸುಮ್ಮನಿದ್ದಾಗ ಅದರ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ, ಅಂದರೆ −70. ಸಂಕೇತ ಬಂದಾಗ ಸೋಡಿಯಂ ಒಳಗೆ ನುಗ್ಗಿ ಅದು +30ರ ತನಕ ಏರುತ್ತದೆ, ಪೊಟ್ಯಾಸಿಯಂ ಹೊರಗೆ ಹೋದಾಗ ಮತ್ತೆ ಇಳಿಯುತ್ತದೆ. ಈ ಏರಿಳಿತಕ್ಕೆ ಆಕ್ಷನ್ ಪೊಟೆನ್ಶಿಯಲ್ ಅಂತ ಹೆಸರು.

## ಲಕ್ಷಣ: ಬರಹ ಸಟ್ಟನೆ ನಿಲ್ಲುತ್ತದೆ, ಅಥವಾ ಹೇಳಿದ್ದೇ ಹೇಳುತ್ತದೆ

ಒಂದು ಅಕ್ಷರ ಬರೆಯುವ ಮೊದಲು ಕೊನೆಯ ಸಾಲು ನೋಡಿ. ಪಾಠ ಮುಗಿಸುವವರು ‘ಸರಿ, ನಾಳೆ ನೋಡೋಣ’ ಅಂತಲೋ ‘ಏನಾದ್ರೂ ಡೌಟ್ ಇದೆಯಾ’ ಅಂತಲೋ ಏನಾದರೂ ಹೇಳಿಯೇ ಮುಗಿಸುತ್ತಾರೆ. ನನಗೆ ಬಂದದ್ದು ‘ಮಯಲಿನ್ ಇದ್ದಾಗ ಸಂಕೇತ’ ಅನ್ನುವಲ್ಲಿಗೆ ನಿಂತಿತ್ತು. ಮಯಲಿನ್ ಅಂದರೆ ನರತಂತುವಿನ ಸುತ್ತ ಇರುವ ಹೊದಿಕೆ. ಅದರ ಕೆಳಗೆ ನೇರವಾಗಿ ‘ನೋಟ್ಸ್’.

ಇನ್ನೊಂದು ಪರಿಶೀಲನೆ ಪದಗಳ ಎಣಿಕೆ. ತರಗತಿಯಲ್ಲಿ ನಿಮಿಷಕ್ಕೆ ಸುಮಾರು 100ರಿಂದ 150 ಪದ ಬರುತ್ತವೆ ಅಂತ ಇಟ್ಟುಕೊಳ್ಳಿ. 50 ನಿಮಿಷಕ್ಕೆ ಐದು ಸಾವಿರಕ್ಕಿಂತ ಕಡಿಮೆ ಇರಬಾರದು. ನನ್ನ ಕೈಯಲ್ಲಿದ್ದದ್ದು ಮೂರು ಸಾವಿರ ಚಿಲ್ಲರೆ. ಪೇಸ್ಟ್ ಮಾಡುವಾಗ ಬಾಲ ಕತ್ತರಿಸಿ ಹೋಗಿತ್ತು, ಕಳಿಸಿದವಳಿಗೆ ಗೊತ್ತೇ ಇರಲಿಲ್ಲ. ಉಳಿದದ್ದನ್ನು ಕೇಳಿ ತರಿಸಿಕೊಂಡೆ. ಇದನ್ನು ನೋಡದೆ ಬರೆದಿದ್ದರೆ ಮಯಲಿನ್ ಭಾಗವೇ ಇಲ್ಲದ ‘ಪೂರ್ತಿ ನೋಟ್ಸ್’ ಅವಳ ಕೈಗೆ ಹೋಗುತ್ತಿತ್ತು. ಇಲ್ಲದ್ದು ಇಲ್ಲ ಅಂತ ಓದುವವಳಿಗೆ ಹೇಗೆ ಗೊತ್ತಾಗಬೇಕು?

ಪದಗಳು ಲೆಕ್ಕಕ್ಕಿಂತ ಎರಡು ಪಟ್ಟು ಇದ್ದರೆ ಅದೂ ಕಾಯಿಲೆಯೇ. ವಿಡಿಯೊದ ಸಬ್‌ಟೈಟಲ್ ಫೈಲ್‌ನಿಂದ ಕಾಪಿ ಮಾಡಿದಾಗ ಒಂದೇ ಸಾಲು ಎರಡೆರಡು ಸಲ ಬರುವುದುಂಟು. ನಕಲು ಸಾಲುಗಳನ್ನು ತೆಗೆಯಿರಿ. ಆದರೆ ಸಾಲಿನ ಪಕ್ಕದ ಸಮಯ (12:40 ಅಂತ ಇರುತ್ತದಲ್ಲ) ಅಳಿಸಬೇಡಿ. ನೋಡಲು ಗಲೀಜು ಅನ್ನಿಸಿದರೂ ಮುಂದೆ ಅದೇ ಕೈ ಹಿಡಿಯುವುದು.

## ಲಕ್ಷಣ: ಏನು ಮಾಡಿಕೊಡಬೇಕು ಅಂತಲೇ ತಿಳಿಯುತ್ತಿಲ್ಲ

‘ನೋಟ್ಸ್’ ಅಂದರೆ ತರಗತಿ ತಪ್ಪಿಸಿಕೊಂಡವರಿಗೆ ಇಡೀ ಪಾಠದ ಬರಹ ಆಗಬಹುದು, ನಾಳೆಯ ಪರೀಕ್ಷೆಗೆ ಒಂದು ಹಾಳೆ ಆಗಬಹುದು. ಎರಡೂ ಒಂದೇ ಅಲ್ಲ. ಎರಡೇ ಪ್ರಶ್ನೆ ಕೇಳಿ: ಪರೀಕ್ಷೆ ಯಾವಾಗ, ಪ್ರಶ್ನೆಗಳು ಯಾವ ತರಹ ಬರುತ್ತವೆ? ಜೊತೆಗೆ ಸ್ಲೈಡ್ ಇದ್ದರೆ ಕಳಿಸಲು ಹೇಳಿ. ಉತ್ತರ ಬರದಿದ್ದರೆ ಕಾಯುತ್ತಾ ಕೂರಬೇಡಿ. ತರಗತಿಯಲ್ಲಿ ಕೂತಿದ್ದವರಿಗೆ ಮತ್ತೆ ನೆನಪಿಸುವ ನೋಟ್ಸ್ ಅಂದುಕೊಂಡು ಶುರುಮಾಡಿ, ಹಾಗೆ ಅಂದುಕೊಂಡಿದ್ದೇನೆ ಅಂತ ಮೇಲೆ ಒಂದು ಸಾಲು ಬರೆದುಬಿಡಿ.

ಅಂದಹಾಗೆ, ಪಾಠದ ಒಳಗೆ ‘ಇದನ್ನ ಡಿಟೇಲಾಗಿ ಬರ್ಕೊಳಿ’, ‘ಇದು ಬೇಡ, ಬಿಡಿ’ ಅಂತೆಲ್ಲ ಬರುತ್ತದೆ. ಅದು ಅಂದು ತರಗತಿಯಲ್ಲಿದ್ದವರಿಗೆ ಹೇಳಿದ್ದು, ನಿಮಗಲ್ಲ. ಪಾಠ ಮಾಡಿದವರಿಗೆ ಯಾವುದು ಮುಖ್ಯ ಅನ್ನುವ ಸುಳಿವಾಗಿ ಮಾತ್ರ ಅದನ್ನು ಬಳಸಿ.

## ಲಕ್ಷಣ: ನೋಟ್ಸ್ ಪಾಠದಷ್ಟೇ ಉದ್ದ, ಪಾಠದ್ದೇ ಸಾಲು

ಆರು ಸಾವಿರ ಪದದ ಪಾಠಕ್ಕೆ ಮೂರು ಸಾವಿರ ಪದದ ನೋಟ್ಸ್ ಬಂದರೆ, ನೀವು ಮೇಲಿನಿಂದ ಒಂದೊಂದೇ ವಾಕ್ಯ ಚಿಕ್ಕದು ಮಾಡುತ್ತಾ ಬಂದಿದ್ದೀರಿ ಅಂತ ಅರ್ಥ. ನನ್ನ ಅಂದಾಜಿನಲ್ಲಿ ಅಷ್ಟು ಪಾಠಕ್ಕೆ 600ರಿಂದ 800 ಪದ ಸಾಕು.

ಮಾತಿಗೂ ಬರಹಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಮಾತಾಡುವವರು ಒಂದೇ ವಿಷಯಕ್ಕೆ ಮೂರು ಸಲ ಬರುತ್ತಾರೆ. ಈ ಪಾಠದಲ್ಲಿ ಸೋಡಿಯಂ ಚಾನೆಲ್, ಅಂದರೆ ಸೋಡಿಯಂ ಒಳಗೆ ಬರುವ ಬಾಗಿಲು, ಮುಚ್ಚಿಕೊಳ್ಳುವ ಮಾತು 14ನೇ ನಿಮಿಷದಲ್ಲಿ ಬಂತು, ಯಾರೋ ತಡವಾಗಿ ಬಂದಿದ್ದಕ್ಕೆ 21ರಲ್ಲಿ ಮತ್ತೆ ಬಂತು, ಮರುಸಂಕೇತ ಯಾಕೆ ತಕ್ಷಣ ಆಗುವುದಿಲ್ಲ ಅಂತ ಹೇಳುವಾಗ 30ರಲ್ಲಿ ಇನ್ನೊಮ್ಮೆ. ಸಾಲಾಗಿ ಬರೆದರೆ ಇದು ಮೂರು ಕಡೆ ಅರ್ಧರ್ಧ ಕೂರುತ್ತದೆ. ಮೂರನ್ನೂ ಸೇರಿಸಿದರೆ ಒಂದೇ ಪೂರ್ತಿ ವಿಷಯ.

ಹಾಗಾಗಿ ಮೊದಲ ಓದಿನಲ್ಲಿ ಏನೂ ಬರೆಯಬೇಡಿ. ಎಲ್ಲಿ ಮಾತು ತಿರುಗುತ್ತದೆ ಅಂತ ಗುರುತು ಮಾತ್ರ ಹಾಕಿ. ‘ಈಗ ಮುಂದಕ್ಕೆ ಹೋಗೋಣ’, ‘ಹಿಂದೆ ಹೇಳಿದೆನಲ್ಲ’ ಅನ್ನುವ ಮಾತುಗಳೇ ಮೈಲಿಗಲ್ಲು. ಆಮೇಲೆ ಪಾಠ ಯಾವ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಅಂತ ಪಟ್ಟಿ ಮಾಡಿ. ಇಲ್ಲಿ ಐದೇ ಇದ್ದವು: ಸುಮ್ಮನಿದ್ದಾಗ −70 ಯಾಕೆ, ಏರುವುದು ಹೇಗೆ, ಇಳಿಯುವುದು ಹೇಗೆ, ತಕ್ಷಣ ಮತ್ತೆ ಯಾಕೆ ಆಗುವುದಿಲ್ಲ, ಮಯಲಿನ್ ಇದ್ದರೆ ಯಾಕೆ ವೇಗ. ಪ್ರತಿ ವಾಕ್ಯವೂ ಈ ಐದರಲ್ಲಿ ಒಂದಕ್ಕೆ ಸೇರುತ್ತದೆ, ಇಲ್ಲವೇ ಬಿಟ್ಟುಹೋಗುತ್ತದೆ.

## ಲಕ್ಷಣ: ಒಂದು ಅಂಕಿಯೋ ಪದವೋ ಯಾಕೋ ಸರಿ ಕಾಣುತ್ತಿಲ್ಲ

ಸಾಫ್ಟ್‌ವೇರ್ ತಪ್ಪು ಕೇಳಿಸಿಕೊಳ್ಳುವುದರಲ್ಲಿ ಎರಡು ತರಹ. ಒಂದು, ನೋಡಿದ ಕೂಡಲೇ ನಗು ಬರುವಂಥದ್ದು. ‘ನರ್ನ್ಸ್ಟ್ ಸಮೀಕರಣ’ ಈ ಪಾಠದಲ್ಲಿ ‘ನರ್ಸ್ ಸಮೀಕರಣ’ ಆಗಿತ್ತು. ಇದರಿಂದ ಅಪಾಯ ಇಲ್ಲ, ಯಾರಾದರೂ ಹಿಡಿಯುತ್ತಾರೆ. ಇನ್ನೊಂದು ತರಹದ ತಪ್ಪು ತಪ್ಪಿನ ಹಾಗೆ ಕಾಣುವುದೇ ಇಲ್ಲ. ಅದೇ ಅಪಾಯ. ಮೈನಸ್ ಬಿಟ್ಟುಹೋಗುತ್ತದೆ. ಫಿಫ್ಟೀನ್ ಅನ್ನುವುದು ಫಿಫ್ಟಿ ಆಗುತ್ತದೆ. ನರಕೋಶದ ಉದ್ದನೆಯ ಎಳೆಗೆ ಹೇಳುವ ಆಕ್ಸಾನ್ ಅನ್ನುವುದು ಆಕ್ಷನ್ ಆಗುತ್ತದೆ, ಅದೂ ಪಕ್ಕದಲ್ಲೇ ಆಕ್ಷನ್ ಪೊಟೆನ್ಶಿಯಲ್ ಇರುವ ಪಾಠದಲ್ಲಿ! ಹೆಚ್ಚು ಅನ್ನುವ ಹೈಪರ್, ಕಡಿಮೆ ಅನ್ನುವ ಹೈಪೋ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ.

ಹಿಡಿಯುವುದು ಹೇಗೆ? ಪಾಠದ ಅಂಕಿಗಳನ್ನೆಲ್ಲ ಒಂದು ಕಡೆ ಬರೆದು ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ನನಗೆ ಸಿಕ್ಕಿದ್ದು ಹೀಗಿತ್ತು: ವಿಶ್ರಾಂತಿಯಲ್ಲಿ 70, ಸಂಕೇತ ಹೊತ್ತಿಕೊಳ್ಳುವ ಮಟ್ಟ −55, ತುದಿಯಲ್ಲಿ 30. ಏರುತ್ತಾ ಹೋಗಬೇಕಾದದ್ದು 70ರಿಂದ −55ಕ್ಕೆ ಬಿದ್ದು ಮತ್ತೆ 30ಕ್ಕೆ ಹೋಗುವುದು ಸಾಧ್ಯವಿಲ್ಲ. ಅಲ್ಲಿಗೆ 70ರ ಹಿಂದಿನ ಮೈನಸ್ ಬಿದ್ದುಹೋಗಿದೆ ಅಂತ ಆಡಿಯೊ ಕೇಳುವ ಮೊದಲೇ ಗೊತ್ತಾಯಿತು.

ಹೀಗೆ ಹೊಂದಾಣಿಕೆಯಲ್ಲೇ ಬಗೆಹರಿಯದಿದ್ದರೆ ಆ ಸಮಯಕ್ಕೆ ಹೋಗಿ ಹತ್ತು ಸೆಕೆಂಡ್ ಆಡಿಯೊ ಕೇಳಿ. ಅದೂ ಆಗದಿದ್ದರೆ ಸ್ಲೈಡ್, ಆಮೇಲೆ ಪಠ್ಯಪುಸ್ತಕ. ಈ ಕ್ರಮಕ್ಕೆ ಕಾರಣ ಇದೆ. ಪುಸ್ತಕದಲ್ಲಿ ತುದಿ +40 ಅಂತ ಇರಬಹುದು, ಪಾಠದಲ್ಲಿ +30 ಅಂದಿರಬಹುದು. ಕೋಶದಿಂದ ಕೋಶಕ್ಕೆ ಬದಲಾಗುವುದರಿಂದ ಎರಡೂ ತಪ್ಪಲ್ಲ. ಪರೀಕ್ಷೆಗೆ ಬೇಕಾದದ್ದು ಪಾಠದ ಅಂಕಿ, ಅದನ್ನು ಪುಸ್ತಕದಿಂದ ಸುಮ್ಸುಮ್ನೆ ತಿದ್ದಬೇಡಿ.

## ಲಕ್ಷಣ: ಒಂದು ಪುಟದಲ್ಲಿ ಹೀಗಿದೆ, ಇನ್ನೊಂದರಲ್ಲಿ ಉಲ್ಟಾ ಇದೆ

ಅತಿ ಹೆಚ್ಚು ಹಾನಿ ಮಾಡುವ ದೋಷ ಇದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಕೆಳಗೆ ಬರುವ ರಿಪೋಲರೈಸೇಷನ್ ಅಂದರೆ +30ರಿಂದ ಮತ್ತೆ ಇಳಿಯುವುದು, ಪಂಪ್ ಅಂದರೆ ಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಸಾಗಿಸುವ ವ್ಯವಸ್ಥೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಈ ತುಂಡು ಇತ್ತು:

> ಆಮೇಲೆ ಕೆಳಗೆ ಬರತ್ತೆ ಯಾಕೆ ಬರತ್ತೆ ಪಂಪ್ ಇದೆಯಲ್ಲ ಅದು ಸೋಡಿಯಂ ಹೊರಗೆ ಹಾಕತ್ತೆ ಅದರಿಂದ ರಿಪೋಲರೈಸೇಷನ್ ಆಗತ್ತೆ ಹಾಂ ಎಲ್ರೂ ಹೀಗೇ ಅಂತಾರೆ ಪಂಪ್ ಅಷ್ಟು ಫಾಸ್ಟ್ ಇಲ್ಲ ಪೊಟ್ಯಾಸಿಯಂ ಚಾನೆಲ್ ಓಪನ್ ಆಗತ್ತೆ ಹೊರಗೆ ಹೋಗತ್ತೆ ಓಕೆ

ಅವಸರದಲ್ಲಿ ಓದಿದರೆ ಏನು ಬರೆಯುತ್ತೀರಿ? ‘ಪಂಪ್ ಸೋಡಿಯಂ ಹೊರಹಾಕುವುದರಿಂದ ರಿಪೋಲರೈಸೇಷನ್ ಆಗುತ್ತದೆ. ಪೊಟ್ಯಾಸಿಯಂ ಚಾನೆಲ್ ಕೂಡ ತೆರೆಯುತ್ತದೆ.’ ಓದಲು ಚೆನ್ನಾಗಿದೆ. ಆದರೆ ತಪ್ಪು. ನನ್ನ ಮೊದಲ ಕರಡಿನಲ್ಲೂ ಇದೇ ಇತ್ತು ಅಂತ ಒಪ್ಪಿಕೊಳ್ಳಬೇಕು.

ಈ ತುಂಡಿನಲ್ಲಿ ಮಾತಾಡುತ್ತಿರುವವರು ಒಬ್ಬರಲ್ಲ, ಇಬ್ಬರು. ‘ಯಾಕೆ ಬರತ್ತೆ’ ಅನ್ನುವುದು ಉಪನ್ಯಾಸಕರ ಪ್ರಶ್ನೆ. ಪ್ರಶ್ನಾರ್ಥಕ ಚಿಹ್ನೆ ಬಂದಿಲ್ಲ. ‘ಪಂಪ್ ಇದೆಯಲ್ಲ’ ಅನ್ನುವುದರಿಂದ ‘ಆಗತ್ತೆ’ ತನಕ ಯಾರೋ ವಿದ್ಯಾರ್ಥಿ ಕೊಟ್ಟ ಉತ್ತರ. ‘ಹಾಂ ಎಲ್ರೂ ಹೀಗೇ ಅಂತಾರೆ’ ಅಂತ ಉಪನ್ಯಾಸಕರು ಮತ್ತೆ ಮಾತು ತೆಗೆದುಕೊಂಡು ಆ ಉತ್ತರವನ್ನು ತಳ್ಳಿಹಾಕುತ್ತಾರೆ. ಆ ‘ಹಾಂ’ ಒಪ್ಪಿಗೆಯ ಹಾಂ ಅಲ್ಲ. ಧ್ವನಿಯಲ್ಲಿ ಅದು ಗೊತ್ತಾಗುತ್ತದೆ, ಅಕ್ಷರದಲ್ಲಿ ಗೊತ್ತಾಗುವುದಿಲ್ಲ.

ಸರಿಯಾದದ್ದು ಇದು: ಇಳಿಯುವುದಕ್ಕೆ ಕಾರಣ ಎರಡು. ಸೋಡಿಯಂ ಚಾನೆಲ್‌ಗಳು ತಾವಾಗಿಯೇ ಅಡಚಿಕೊಳ್ಳುತ್ತವೆ, ಪೊಟ್ಯಾಸಿಯಂ ಚಾನೆಲ್‌ಗಳು ತೆರೆದು ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ. ಪಂಪ್ ಪ್ರತಿ ಸುತ್ತಿಗೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ ಸಾಗಿಸುತ್ತದೆ ನಿಜ. ಆದರೆ ಅದರ ಕೆಲಸ ಒಳಗೂ ಹೊರಗೂ ಇವುಗಳ ಪ್ರಮಾಣದಲ್ಲಿರುವ ಏರುಪೇರನ್ನು ದೀರ್ಘಕಾಲ ಕಾಪಾಡಿಕೊಳ್ಳುವುದು. ಪಂಪ್ ನಿಲ್ಲಿಸಿದರೂ ನರತಂತು ಸ್ವಲ್ಪ ಹೊತ್ತು ಸಂಕೇತ ಕಳಿಸುತ್ತಲೇ ಇರುತ್ತದೆ.

ಇಂಥ ಜಾಗಗಳನ್ನು ಗುರುತಿಸಲು ಕೆಲವು ಪದಗಳ ಮೇಲೆ ಕಣ್ಣಿಡಿ. ‘ಯಾಕೆ’, ‘ಹೇಳಿ ನೋಡೋಣ’ ಆದಮೇಲೆ ಬರುವುದು ವಿದ್ಯಾರ್ಥಿಯ ಮಾತಿರಬಹುದು. ‘ಅಲ್ಲ ಅಲ್ಲ’, ‘ಸಾರಿ’, ‘ಉಲ್ಟಾ ಹೇಳಿದೆ’ ಅಂದರೆ ಅದರ ಹಿಂದಿನ ಸಾಲು ರದ್ದು. ‘ಹಾಗಾದ್ರೆ’ ಅಂತ ಶುರುವಾದ ವಾಕ್ಯ ಹೇಳಿಕೆಯ ಹಾಗೆ ಕಂಡರೂ ಪ್ರಶ್ನೆಯಾಗಿರುವ ಸಾಧ್ಯತೆ ಜಾಸ್ತಿ, ಯಾಕೆಂದರೆ ‘ಆಗುತ್ತಾ’ ಅನ್ನುವುದು ‘ಆಗುತ್ತೆ’ ಆಗಲು ಒಂದು ಸ್ವರ ಸಾಕು.

ಅಂದಹಾಗೆ ಆ ವಿದ್ಯಾರ್ಥಿಯ ತಪ್ಪು ಉತ್ತರವನ್ನು ಪೂರ್ತಿ ಎಸೆಯಬೇಡಿ. ‘ಎಲ್ರೂ ಹೀಗೇ ಅಂತಾರೆ’ ಅಂದರೆ ಪರೀಕ್ಷೆಯಲ್ಲಿ ಅಲ್ಲೇ ಹಳ್ಳ ತೋಡಿರುತ್ತಾರೆ. ತಪ್ಪು ಅಂತ ಸ್ಪಷ್ಟವಾಗಿ ಹೇಳಿ, ನೋಟ್ಸ್‌ನಲ್ಲಿ ಒಂದು ಸಾಲು ಇಟ್ಟುಕೊಳ್ಳಿ.

## ಲಕ್ಷಣ: ‘ಇಲ್ಲಿ ನೋಡಿ, ಇದು ಹೀಗೆ ಮೇಲೆ ಹೋಗಿ...’

ಇದು ಬೋರ್ಡ್ ಮೇಲಿನ ಚಿತ್ರದ ಮಾತು. ಚಿತ್ರ ನಿಮ್ಮಲ್ಲಿಲ್ಲ. ಸ್ಲೈಡ್ ಸಿಕ್ಕರೆ ಆಯಿತು. ಸಿಗದಿದ್ದರೆ ಪಾಠದ ಮಾತಿನಲ್ಲಿ ಸ್ಪಷ್ಟವಾಗಿ ಬಂದಷ್ಟನ್ನು ಮಾತ್ರ ಬಿಡಿಸಿ. ಇಲ್ಲಿ −70, −55, +30, ಮತ್ತೆ −70ಕ್ಕಿಂತ ಸ್ವಲ್ಪ ಕೆಳಗೆ ಹೋಗಿ ವಾಪಸ್, ಇಷ್ಟರಿಂದ ಗೆರೆ ಎಳೆಯಬಹುದು. ಉಳಿದ ಕಡೆ ಖಾಲಿ ಚೌಕ ಹಾಕಿ ‘ಚಿತ್ರ, 17:20’ ಅಂತ ಬರೆದರೆ ಸಾಕು. ವಿದ್ಯಾರ್ಥಿ ತಾನೇ ಬಿಡಿಸಿಕೊಳ್ಳಲಿ.

## ಲಕ್ಷಣ: ಓದಿದಾಗ ಎಲ್ಲ ಬರುತ್ತದೆ, ಹಾಳೆ ಮುಚ್ಚಿದರೆ ಏನೂ ಇಲ್ಲ

ನೋಟ್ಸ್ ಚೆನ್ನಾಗಿದೆ, ತಪ್ಪಿಲ್ಲ, ಚಿಕ್ಕದೂ ಇದೆ. ಆದರೂ ಎರಡು ದಿನ ಬಿಟ್ಟು ಕೇಳಿದರೆ ಉತ್ತರ ಬರುವುದಿಲ್ಲ. ಇದು ನೋಟ್ಸಿನ ಆಕಾರದ ದೋಷ. ಹೇಳಿಕೆಗಳನ್ನು ಮತ್ತೆ ಮತ್ತೆ ಓದಿದರೆ ‘ಗೊತ್ತಿದೆ’ ಅನ್ನುವ ಭಾವನೆ ಬರುತ್ತದೆ, ನೆನಪಿನಿಂದ ಎತ್ತುವ ಅಭ್ಯಾಸ ಆಗುವುದಿಲ್ಲ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಓದಿದ್ದನ್ನು ನೆನಪಿಸಿಕೊಂಡು ಬರೆಯಿತು. 5 ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ ಮತ್ತು ಒಂದು ವಾರದ ನಂತರ ನೋಡಿದರೆ ನೆನಪಿಸಿಕೊಂಡು ಬರೆದವರು ಮುಂದೆ. ಮೋಸ ಆಗುವುದು ಆ ಮೊದಲ 5 ನಿಮಿಷದಲ್ಲೇ, ಅಲ್ವಾ?

ಹಾಗಾಗಿ ಹೇಳಿಕೆಗಳನ್ನು ಪ್ರಶ್ನೆಗಳಾಗಿ ತಿರುಗಿಸಿ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಬಳಕೆಗೆ ತಂದ ವಿಧಾನದಲ್ಲಿ ಹಾಳೆಯ ಎಡಕ್ಕೆ ಕಿರಿದಾದ ಅಂಕಣ ಇರುತ್ತದೆ. ಅಲ್ಲಿ ಪ್ರಶ್ನೆ, ಬಲಕ್ಕೆ ಉತ್ತರ. ಬಲಭಾಗವನ್ನು ಕೈಯಿಂದ ಮುಚ್ಚಿಕೊಂಡು ಓದುವುದು. ನಮ್ಮ ಪಾಠದ ‘ಇಳಿಯುವುದು ಹೇಗೆ’ ಭಾಗ ಕೊನೆಗೆ ಹೀಗಾಯಿತು:

+30 ತಲುಪಿದ ಮೇಲೆ ಯಾಕೆ ಇಳಿಯುತ್ತದೆ? ಸೋಡಿಯಂ ಚಾನೆಲ್ ಅಡಚಿಕೊಳ್ಳುತ್ತದೆ, ಪೊಟ್ಯಾಸಿಯಂ ಚಾನೆಲ್ ತೆರೆದು ಪೊಟ್ಯಾಸಿಯಂ ಹೊರಗೆ ಹೋಗುತ್ತದೆ.

ಪಂಪ್‌ನಿಂದ ಇಳಿಯುತ್ತದೆ ಅಂದರೆ ಏನು ತಪ್ಪು? ಪಂಪ್ ಅಷ್ಟು ವೇಗವಾಗಿಲ್ಲ. ಅದು 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ ಸಾಗಿಸಿ ಏರುಪೇರನ್ನು ಕಾಪಾಡುತ್ತದೆ.

−70ಕ್ಕಿಂತಲೂ ಕೆಳಗೆ ಯಾಕೆ ಹೋಗುತ್ತದೆ? ಪೊಟ್ಯಾಸಿಯಂ ಚಾನೆಲ್ ನಿಧಾನವಾಗಿ ಮುಚ್ಚುತ್ತದೆ.

ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಈ ಭಾಗ ಎರಡು ಪುಟ ಇತ್ತು.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಔಷಧದ ಪ್ರಮಾಣ, ರಾಸಾಯನಿಕ ಬೆರೆಸುವ ಅಳತೆ, ವಿದ್ಯುತ್ ಜೋಡಣೆ, ಇಂಥವು ಪಾಠದಲ್ಲಿದ್ದರೆ ಅನುಮಾನದ ಅಂಕಿಯನ್ನು ಊಹಿಸಿ ತುಂಬಲೇಬೇಡಿ. ಮಿಲಿಗ್ರಾಂ, ಮೈಕ್ರೋಗ್ರಾಂ ಅದಲುಬದಲಾದರೆ ಸಾವಿರ ಪಟ್ಟು ವ್ಯತ್ಯಾಸ. ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ಸಮಯ ಬರೆಯಿರಿ. ಆಡಿಯೊ ಇಲ್ಲ, ಸ್ಲೈಡ್ ಇಲ್ಲ, ನಿಮಗೂ ಆ ವಿಷಯ ಹೊಸದು ಅನ್ನುವ ಪರಿಸ್ಥಿತಿ ಇದ್ದರೆ ಪ್ರತಿ ಪುಟದಲ್ಲೂ ಅನುಮಾನಗಳು ಏಳುತ್ತವೆ. ಆಗ ನೋಟ್ಸ್ ಮಾಡುವುದನ್ನು ನಿಲ್ಲಿಸಿ, ಅನುಮಾನಗಳ ಪಟ್ಟಿಯನ್ನಷ್ಟೇ ವಾಪಸ್ ಕೊಡುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ರೆಕಾರ್ಡಿಂಗ್‌ನಲ್ಲಿ ಪಾಠದ ಜೊತೆ ಬೇರೆಯದೂ ಸೇರಿರುತ್ತದೆ. ಯಾರ ಹೆಸರು, ಯಾರ ಅಂಕ, ವೈದ್ಯಕೀಯ ಪಾಠವಾದರೆ ಯಾವುದೋ ರೋಗಿಯ ಕಥೆ. ಅದನ್ನು ನೋಟ್ಸ್‌ಗೆ ತರಬೇಡಿ, ಮೂಲ ಟ್ರಾನ್ಸ್‌ಕ್ರಿಪ್ಟನ್ನು ಗುಂಪುಗಳಿಗೆ ಫಾರ್ವರ್ಡ್ ಮಾಡಬೇಡಿ. ರೆಕಾರ್ಡ್ ಮಾಡಲು ಒಪ್ಪಿಗೆ ಇತ್ತೇ ಅಂತ ಒಮ್ಮೆ ಕೇಳಿದರೆ ತಪ್ಪೇನಿಲ್ಲ.

ನೋಟ್ಸ್ ಕೊಡುವಾಗ ಕೊನೆಯ ಹಾಳೆಯಲ್ಲಿ ಬಗೆಹರಿಯದವುಗಳನ್ನು ಸಮಯದ ಜೊತೆ ಬರೆದುಕೊಡಿ. ನಾನು ಕೊಟ್ಟ ಹಾಳೆಯಲ್ಲಿ ಮೂರು ಇದ್ದವು. ಎರಡನ್ನು ಅವಳೇ ಆಡಿಯೊ ಕೇಳಿ ಬಗೆಹರಿಸಿಕೊಂಡಳು. ಮೂರನೆಯದು 32:10ರಲ್ಲಿ, −70ಕ್ಕಿಂತ ಕೆಳಗಿಳಿಯುವ ಜಾಗದಲ್ಲಿ ‘ಹೈಪೋ’ ಅಂತ ಬಂದದ್ದು. ಆಡಿಯೊದಲ್ಲೂ ‘ಹೈಪೋ’ ಅಂತಲೇ ಸ್ಪಷ್ಟವಾಗಿ ಕೇಳುತ್ತಿತ್ತು. ಮರುದಿನ ತರಗತಿಯಲ್ಲಿ ಕೇಳಿದಳು. ಉಪನ್ಯಾಸಕರು ನಕ್ಕು, ಬಾಯಿ ತಪ್ಪಿ ಬಂದಿರಬೇಕು, ಹಾಗೆ ಇನ್ನೂ ಕೆಳಗಿಳಿಯುವುದು ಹೈಪರ್‌ಪೋಲರೈಸೇಷನ್, ಹಾಗೆ ತಿದ್ದಿಕೋ ಅಂದರಂತೆ.